ಮೂರನೇ ತಿಂಗಳ ಮೌನ

ಉದ್ಘಾಟನೆಯ ದಿನ 40 ಜೋಡಿಗಳಿದ್ದವು. ನಾಲ್ಕನೇ ತಿಂಗಳು ನಾನು ಒಬ್ಬೊಬ್ಬರಿಗೂ ಫೋನ್ ಮಾಡಿ ವಿಚಾರಿಸಿದಾಗ ಮಾತುಕತೆ ಉಳಿದುಕೊಂಡಿದ್ದದ್ದು 11 ಜೋಡಿಗಳಲ್ಲಿ ಮಾತ್ರ. ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಕುಳಿತು, ಓದುತ್ತಿರುವ ಮಕ್ಕಳಿಗೆ ಹೊರಗಿನ ಮೆಂಟರ್‌ಗಳನ್ನು ಜೋಡಿಸಿಕೊಡುವ ಕಾರ್ಯಕ್ರಮವನ್ನು ನಾನೇ ಮುಂದೆ ನಿಂತು ಶುರು ಮಾಡಿದ್ದೆ. ಯಾರೂ ಜಗಳವಾಡಿರಲಿಲ್ಲ, ಯಾರೂ ಬಿಟ್ಟುಬಿಡುತ್ತೇನೆ ಎಂದಿರಲಿಲ್ಲ. 29 ಜೋಡಿಗಳು ಸುಮ್ಮನೆ ಮೌನವಾಗಿದ್ದವು.

ಆ ಅನುಭವವನ್ನು ಹಿಂದೊಮ್ಮೆ ಇದೇ ಅಂಕಣದಲ್ಲಿ ನಾಲ್ಕು ಸಾಲಿನಲ್ಲಿ ಹೇಳಿದ್ದೆ. ಅಂದಿನಿಂದ ಬರುವ ಪತ್ರಗಳಲ್ಲಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಸಂಘ ಇದೆ, ಮನಸ್ಸಿರುವ ಹಿರಿಯರಿದ್ದಾರೆ, ಮಕ್ಕಳಿಗೂ ಬೇಕಾಗಿದೆ, ಆದರೂ ದೀಪಾವಳಿಯ ಹೊತ್ತಿಗೆ ಎಲ್ಲ ನಿಂತುಹೋಗುತ್ತದೆ, ಏಕೆ? ಕೆಲವರು ಇನ್ನೂ ಶುರು ಮಾಡಿಲ್ಲ, ಹೇಗೆ ಜೋಡಿಸಬೇಕು ಎಂದು ಕೇಳುತ್ತಾರೆ. ಎರಡೂ ಒಂದೇ ಪ್ರಶ್ನೆ ಎಂದು ನನಗೀಗ ಅನ್ನಿಸುತ್ತದೆ. ಮೂರನೇ ತಿಂಗಳು ಬರುವ ಮೌನದ ಬೀಜ ಬೀಳುವುದು ಜೋಡಿಸುವ ದಿನವೇ.

ಮೊದಲು ಒಂದು ಗೊಂದಲ ಪಕ್ಕಕ್ಕಿಡೋಣ. ನಮ್ಮ ಬಹುತೇಕ ಕಾಲೇಜುಗಳಲ್ಲಿ ಮೆಂಟರ್ ಎಂಬ ಹೆಸರು ಈಗಾಗಲೇ ಇದೆ. ನ್ಯಾಕ್ ಮೌಲ್ಯಮಾಪನದಲ್ಲಿ ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಎಂದು ಕೇಳುತ್ತಾರೆ. ಆದ್ದರಿಂದ ತರಗತಿಯ ಮಕ್ಕಳನ್ನು ಅಧ್ಯಾಪಕರಿಗೆ ಹಂಚಿ, ರಿಜಿಸ್ಟರ್‌ನಲ್ಲಿ ಸಹಿ ಮಾಡಿಸಿ ಇಡುತ್ತಾರೆ. ಕಳಕಳಿಯಿಂದ ಮಾಡುವ ಅಧ್ಯಾಪಕರನ್ನೂ ನಾನು ಬಲ್ಲೆ. ಆದರೆ ಇಂಟರ್ನಲ್ ಅಂಕ ಹಾಕುವ ಕೈಯಲ್ಲೇ ಮೆಂಟರ್ ಪಟ್ಟಿಯೂ ಇದ್ದರೆ, ತನಗೆ ಈ ವಿಷಯವೇ ಅರ್ಥವಾಗುತ್ತಿಲ್ಲ ಎಂದು ಹುಡುಗ ಹೇಳುವುದು ಕಷ್ಟ. ಹಾಜರಾತಿ ಏಕೆ ಕಡಿಮೆ ಎಂದು ಕೇಳಿದರೆ, ಮೆಣಸಿನಕಾಯಿ ಬಿಡಿಸಲು ಹೋಗಿದ್ದೆ ಎಂಬ ನಿಜಕ್ಕಿಂತ ಜ್ವರ ಬಂದಿತ್ತು ಎಂಬ ಸುಳ್ಳೇ ಅವನಿಗೆ ಸುಲಭ. ಹೊರಗಿನ ಮೆಂಟರ್‌ನ ಬೆಲೆ ಇರುವುದು ಇಲ್ಲೇ. ಅವನಿಗೆ ಅಂಕ ಹಾಕುವ ಅಧಿಕಾರ ಇರುವುದಿಲ್ಲ.

ಮೊದಲ ವರ್ಷ ನಾವು ಜೋಡಿಸಿದ್ದು ಹೀಗೆ. ಸಂಘದ ವಾರ್ಷಿಕ ಸಭೆಯಲ್ಲಿ ಕೈ ಎತ್ತಿದವರ ಹೆಸರು ಬರೆದುಕೊಂಡೆವು. ದೊಡ್ಡ ಹುದ್ದೆಯವರ ಹೆಸರು ಮೇಲೆ ಬಂತು. ಅಂತಿಮ ವರ್ಷದಲ್ಲಿ ಹೆಚ್ಚು ಅಂಕ ತೆಗೆದ ಮಕ್ಕಳ ಪಟ್ಟಿಯನ್ನು ಪಕ್ಕಕ್ಕಿಟ್ಟೆವು. ಬಿ.ಕಾಂ. ಓದುವವರಿಗೆ ಬ್ಯಾಂಕಿನವರು, ಬಿ.ಎಸ್‌ಸಿ. ಓದುವವರಿಗೆ ಎಂಜಿನಿಯರು, ಬಿ.ಎ. ಓದುವವರಿಗೆ ಸರ್ಕಾರಿ ನೌಕರರು. ಒಂದು ಸಂಜೆಯಲ್ಲಿ ಕೆಲಸ ಮುಗಿಯಿತು. ಪಟ್ಟಿ ನೋಡಲು ಚೆನ್ನಾಗಿತ್ತು.

ಅದರಲ್ಲಿ ಬ್ಯಾಡಗಿ ಕಡೆಯ ಹಳ್ಳಿಯ ಒಬ್ಬ ಬಿ.ಕಾಂ. ವಿದ್ಯಾರ್ಥಿನಿ ಇದ್ದಳು. ಅವಳಿಗೆ ಬೆಂಗಳೂರಿನಲ್ಲಿರುವ ಹಿರಿಯ ಬ್ಯಾಂಕ್ ಅಧಿಕಾರಿಯೊಬ್ಬರು ಮೆಂಟರ್ ಆದರು. ಒಳ್ಳೆಯ ಮನುಷ್ಯ, ಮಾತಿಗೆ ತಪ್ಪದವರು. ಮೊದಲ ಭಾನುವಾರ ಫೋನ್ ಮಾಡಿ ಒಂದು ಗಂಟೆ ಮಾತಾಡಿದರು. ತಾವು ಓದಿದ್ದು, ಪರೀಕ್ಷೆ ಬರೆದದ್ದು, ಮೇಲೆ ಬಂದದ್ದು ಎಲ್ಲ ಹೇಳಿದರು. ಅವಳು "ಹ್ಞೂಂ ರೀ ಸರ್" ಎಂದಳು. ಎರಡನೇ ಸಲ ಬ್ಯಾಂಕ್ ಪರೀಕ್ಷೆಯ ಪುಸ್ತಕಗಳ ಹೆಸರು ಕೊಟ್ಟರು. ಆಗಲೂ "ಹ್ಞೂಂ ರೀ ಸರ್." ಮೂರನೇ ಸಲ ಅವರಿಗೆ ಹೇಳಲು ಏನೂ ಉಳಿದಿರಲಿಲ್ಲ. ನಾಲ್ಕನೇ ಕರೆ ಬರಲೇ ಇಲ್ಲ.

ಆಮೇಲೆ ನಾನು ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದೆ. ಅಧಿಕಾರಿಗಳು ಹೇಳಿದ್ದು, "ಆ ಹುಡುಗಿಗೆ ಆಸಕ್ತಿ ಇದ್ದಂತಿಲ್ಲ. ಬೇಕಿದ್ದರೆ ಅವಳೇ ಫೋನ್ ಮಾಡಲಿ ಎಂದು ಸುಮ್ಮನಾದೆ." ಹುಡುಗಿ ಹೇಳಿದ್ದು, "ಸರ್ ಬಿಜಿ ಇರ್ತಾರ್ರೀ, ಸುಮ್ಮನ ಯಾಕ ತ್ರಾಸ ಕೊಡೂದು ಅಂತ ಬಿಟ್ಟೆ." ಇಬ್ಬರೂ ಮರ್ಯಾದೆಯಿಂದಲೇ ಸುಮ್ಮನಾಗಿದ್ದರು. ಇಬ್ಬರೂ ಎದುರಿನವರಿಗೆ ತಾನು ಬೇಡವೆಂದು ತಿಳಿದಿದ್ದರು. ನಿಂತುಹೋದ 29 ಜೋಡಿಗಳಲ್ಲಿ ಹೆಚ್ಚಿನವರ ಕಥೆ ಇದೇ ಆಗಿತ್ತು. ಜಗಳದಿಂದ ಮುರಿದದ್ದು ಒಂದೂ ಇರಲಿಲ್ಲ.

ಇದರಿಂದ ಏನು ನಷ್ಟ, ಎರಡು ಫೋನ್ ಕರೆಯಾದರೂ ಆಯಿತಲ್ಲ ಎಂದು ಆಗ ನಮ್ಮ ಸಂಘದವರೊಬ್ಬರು ಕೇಳಿದ್ದರು. ನಷ್ಟ ಇದೆ. ಅಮೆರಿಕದಲ್ಲಿ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎಂಬ, ನೂರು ವರ್ಷಕ್ಕೂ ಹಳೆಯ ಸಂಸ್ಥೆಯೊಂದಿದೆ. ಒಬ್ಬ ಹಿರಿಯ, ಒಬ್ಬ ಕಿರಿಯ ಎಂದು ಜೋಡಿಸುವುದೇ ಅದರ ಕೆಲಸ. ಅಲ್ಲಿ 10ರಿಂದ 16 ವಯಸ್ಸಿನ 959 ಮಕ್ಕಳ ಮೇಲೆ ನಡೆದ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಮೆಂಟರ್ ಸಿಕ್ಕ ಮಕ್ಕಳಿಗೆ ಒಟ್ಟಾರೆ ಒಳ್ಳೆಯದಾಗಿತ್ತು. ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಎಂಬ ಇಬ್ಬರು ಸಂಶೋಧಕಿಯರು ಅದೇ ಮಾಹಿತಿಯನ್ನು ಸಂಬಂಧ ಎಷ್ಟು ಕಾಲ ಉಳಿಯಿತು ಎಂಬುದರ ಮೇಲೆ ವಿಂಗಡಿಸಿ 2002ರಲ್ಲಿ ಬರೆದರು. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಉಳಿದ ಜೋಡಿಗಳಲ್ಲಿ ಲಾಭ ಎದ್ದು ಕಾಣುತ್ತಿತ್ತು. ಮೂರು ತಿಂಗಳೊಳಗೆ ಮುರಿದ ಜೋಡಿಗಳ ಮಕ್ಕಳಲ್ಲಿ ಮಾತ್ರ ತಮ್ಮ ಬಗ್ಗೆ ತಮಗಿದ್ದ ಗೌರವ, ಓದಬಲ್ಲೆ ಎಂಬ ನಂಬಿಕೆ ಎರಡೂ ಕುಗ್ಗಿದ್ದವು. ಆ ಮಕ್ಕಳು ನಮ್ಮ ಪದವಿ ವಿದ್ಯಾರ್ಥಿಗಳಿಗಿಂತ ಚಿಕ್ಕವರು, ಅವರ ಸಮಾಜವೂ ಬೇರೆ. ಮೊದಲೇ ಕಷ್ಟದಲ್ಲಿದ್ದ ಮಕ್ಕಳ ಜೋಡಿಯೇ ಬೇಗ ಮುರಿದಿರಲೂಬಹುದು. ಅದನ್ನೆಲ್ಲ ಒಪ್ಪಿಕೊಂಡರೂ ಆ ಫಲಿತಾಂಶ ನನ್ನನ್ನು ಬಿಡಲಿಲ್ಲ. ಬ್ಯಾಡಗಿಯ ಹುಡುಗಿ ನನ್ನ ಮುಂದೆ "ನನಗ ಸರಿಯಾಗಿ ಮಾತಾಡಾಕ ಬರಲಿಲ್ಲರೀ" ಎಂದಿದ್ದಳು. ಕರೆ ನಿಂತದ್ದಕ್ಕೆ ಅವಳು ಹುಡುಕಿಕೊಂಡ ಕಾರಣ ತನ್ನಲ್ಲೇ ಇತ್ತು.

ಎರಡನೇ ವರ್ಷ ನಾವು ತೆಗೆದುಕೊಂಡದ್ದು 14 ಜೋಡಿ. ಸಂಘದಲ್ಲಿ ಕೆಲವರಿಗೆ ಬೇಸರವಾಯಿತು. ಮಾಡಲು ಮುಂದೆ ಬಂದವರನ್ನು ಬೇಡ ಎನ್ನುವುದು ಹೇಗೆ ಎಂದರು. ಆದರೆ ಲೆಕ್ಕವನ್ನು ಮೆಂಟರ್‌ಗಳ ಸಂಖ್ಯೆಯಿಂದ ಶುರು ಮಾಡಬಾರದು, ಸಂಯೋಜಕರ ಕೈಯಲ್ಲಿರುವ ಹೊತ್ತಿನಿಂದ ಶುರು ಮಾಡಬೇಕು. ಒಂದು ಜೋಡಿಯನ್ನು ನೋಡಿಕೊಳ್ಳುವುದೆಂದರೆ ಎರಡು ಕಡೆಗೂ ಫೋನ್ ಮಾಡುವುದು, ಉತ್ತರ ಬರದಿದ್ದರೆ ಮತ್ತೆ ಮಾಡುವುದು, ಬರೆದಿಡುವುದು, ಆಗಾಗ ಒಂದು ಸಮಸ್ಯೆ ಬಗೆಹರಿಸುವುದು. ನನ್ನ ಅನುಭವದಲ್ಲಿ 15 ಜೋಡಿಗಳಿಗೆ ವಾರಕ್ಕೆ ನಾಲ್ಕು ಗಂಟೆ ಬೇಕೇ ಬೇಕು. ವಾರಕ್ಕೆ ನಾಲ್ಕು ಗಂಟೆ ಕೊಡುವ ಒಬ್ಬರಿದ್ದರೆ 15 ಜೋಡಿ, ಇಬ್ಬರಿದ್ದರೆ 30. 40 ಜೋಡಿಗೆ ಒಬ್ಬನೇ ಸಂಯೋಜಕ, ಅದೂ ಬಿಡುವಿದ್ದಾಗ ಎಂಬ ನಮ್ಮ ಮೊದಲ ವರ್ಷದ ವ್ಯವಸ್ಥೆ ನಡೆಯುವ ಹಾಗೇ ಇರಲಿಲ್ಲ.

ಜೋಡಿಸುವ ವಿಧಾನವನ್ನೂ ಬದಲಿಸಿದೆವು. ವಿದ್ಯಾರ್ಥಿಗೆ ಕೊಡುವ ಅರ್ಜಿಯಿಂದ ಅಂಕ, ಹವ್ಯಾಸ, ಜೀವನದ ಗುರಿ ಎಲ್ಲ ತೆಗೆದುಹಾಕಿದೆವು. ಜೀವನದ ಗುರಿ ಏನೆಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಐ.ಎ.ಎಸ್. ಎಂದು ಬರೆಯುತ್ತಾರೆ, ಅದರಿಂದ ಯಾರನ್ನು ಯಾರಿಗೆ ಜೋಡಿಸುವುದು? ಅದರ ಬದಲು ನಾಲ್ಕೇ ಪ್ರಶ್ನೆ. ಬರುವ ಆರು ತಿಂಗಳಲ್ಲಿ ಯಾವ ಒಂದು ಕೆಲಸಕ್ಕೆ ನೆರವು ಬೇಕು? ನಿಮ್ಮ ಕೈಯಲ್ಲಿರುವ ಫೋನ್ ನಿಮ್ಮದೇ, ಮನೆಯವರದೇ? ಯಾವ ದಿನ, ಯಾವ ಹೊತ್ತು ಅಡ್ಡಿಯಿಲ್ಲದೆ ಮಾತಾಡಬಹುದು? ಮೆಂಟರ್ ಹೆಣ್ಣಾಗಿರಬೇಕೇ, ಗಂಡಾಗಿರಬೇಕೇ, ಯಾರಾದರೂ ಸರಿಯೇ?

ಎರಡನೇ ಪ್ರಶ್ನೆ ಹೊಳೆದದ್ದು ಮೊದಲ ವರ್ಷದ ಸೋಲಿನಿಂದ. ಮೌನವಾದ ಜೋಡಿಗಳಲ್ಲಿ ಕೆಲವು ಹುಡುಗಿಯರ ನಂಬರ್ ಎಂದು ನಮ್ಮಲ್ಲಿದ್ದದ್ದು ಅಣ್ಣನದೋ ಅಪ್ಪನದೋ ನಂಬರ್. ರಾತ್ರಿ ಎಂಟಕ್ಕೆ ಪರಿಚಯವಿಲ್ಲದ ಗಂಡಸೊಬ್ಬರು ಮಗಳನ್ನು ಕೇಳಿಕೊಂಡು ಫೋನ್ ಮಾಡಿದರೆ ಹಳ್ಳಿಯ ಮನೆಯಲ್ಲಿ ಏನಾಗುತ್ತದೆ ಎಂದು ನಾವು ಯೋಚಿಸಿಯೇ ಇರಲಿಲ್ಲ. ಎರಡನೇ ವರ್ಷದಿಂದ ಪ್ರತಿ ವಿದ್ಯಾರ್ಥಿನಿಯ ಮನೆಯ ಒಬ್ಬರಾದರೂ ಮೆಂಟರ್ ಜೊತೆ ಮೊದಲು ಮಾತಾಡಬೇಕು ಎಂದು ಮಾಡಿದೆವು. ಹೆಚ್ಚಿನವರ ಮನೆಯಿಂದ ತಾಯಿ ಮಾತಾಡಿದರು. ಹತ್ತು ನಿಮಿಷ, ಅಷ್ಟೇ. ನೀವು ಯಾವ ಊರಿನವರು, ಎಲ್ಲಿ ಕೆಲಸ, ಮಕ್ಕಳೆಷ್ಟು ಎಂದು ಕೇಳಿಕೊಂಡರು. ಆಮೇಲೆ ಕರೆ ಬಂದರೆ ಆ ತಾಯಂದಿರೇ ಹುಡುಗಿಯ ಕೈಗೆ ಫೋನ್ ಕೊಡುತ್ತಿದ್ದರು.

ಮೆಂಟರ್‌ಗಳ ಅರ್ಜಿಯಲ್ಲೂ ಹುದ್ದೆ ಕೊನೆಗೆ ಹೋಯಿತು. ಮೊದಲು ಕೇಳಿದ್ದು, ನೀವು ಸ್ವತಃ ದಾಟಿ ಬಂದ ಯಾವ ಹಂತದ ಬಗ್ಗೆ ಚೆನ್ನಾಗಿ ಹೇಳಬಲ್ಲಿರಿ, ಅದನ್ನು ದಾಟಿ ಎಷ್ಟು ವರ್ಷವಾಯಿತು ಎಂದು. ಕಳೆದ ತಿಂಗಳು ಎಷ್ಟು ಭಾನುವಾರ ಮನೆಯಲ್ಲಿದ್ದಿರಿ ಎಂದೂ ಕೇಳಿದೆವು. ಸಮಯ ಕೊಡುತ್ತೀರಾ ಎಂದರೆ ಎಲ್ಲರೂ ಕೊಡುತ್ತೇನೆ ಎನ್ನುತ್ತಾರೆ. ಕಳೆದ ತಿಂಗಳ ಭಾನುವಾರಗಳನ್ನು ಎಣಿಸಿದಾಗ ಇಬ್ಬರು ತಾವಾಗಿಯೇ ಈ ವರ್ಷ ಬೇಡ ಎಂದರು. ಆ ಪ್ರಾಮಾಣಿಕತೆಗೆ ನಾನು ಈಗಲೂ ಕೃತಜ್ಞ.

ಅರ್ಜಿಗಳನ್ನು ರಟ್ಟಿನ ಚೀಟಿಗಳ ಮೇಲೆ ಬರೆದು ಮೇಜಿನ ಮೇಲೆ ಹರಡಿಕೊಂಡು ಮೂವರು ಕುಳಿತೆವು. ಮೊದಲು ಬದಲಿಸಲಾಗದವನ್ನು ನೋಡುವುದು, ಅಂದರೆ ಹೊತ್ತು ಹೊಂದುತ್ತದೆಯೇ, ಹೆಣ್ಣು ಗಂಡು ಎಂಬ ಕೋರಿಕೆ ಹೊಂದುತ್ತದೆಯೇ. ಅಲ್ಲಿ ಹೊಂದದಿದ್ದರೆ ಮುಂದೆ ನೋಡುವುದೇ ಇಲ್ಲ. ಆಮೇಲೆ ಅಗತ್ಯ. ವಿದ್ಯಾರ್ಥಿ ಕೇಳಿದ ಆ ಒಂದು ಕೆಲಸವನ್ನು ಇವರು ಸ್ವತಃ ಮಾಡಿದ್ದಾರೆಯೇ? ಕೊನೆಗೆ, ಇಬ್ಬರಿಗೂ ಸಾಮಾನ್ಯವಾದದ್ದು ಏನಾದರೂ ಒಂದು. ಒಂದೇ ತಾಲ್ಲೂಕು, ಒಂದೇ ಹಾಸ್ಟೆಲ್, ಮನೆಯಲ್ಲಿ ಮೊದಲು ಕಾಲೇಜಿಗೆ ಬಂದವರು ಎಂಬ ಅನುಭವ. ಪ್ರತಿ ವಿದ್ಯಾರ್ಥಿಗೂ ಇಬ್ಬರು ಮೆಂಟರ್‌ಗಳನ್ನು ಗುರುತಿಸಿದೆವು, ಒಬ್ಬರು ಈಗ, ಇನ್ನೊಬ್ಬರು ಬದಲಿಸಬೇಕಾದರೆ. ಒಬ್ಬ ಮೆಂಟರ್‌ಗೆ ಒಬ್ಬರೇ ವಿದ್ಯಾರ್ಥಿ. 14 ಜೋಡಿಗೆ ಎರಡು ಸಂಜೆ ಬೇಕಾಯಿತು.

ಬ್ಯಾಡಗಿಯ ಹುಡುಗಿ ಆ ವರ್ಷ ಮತ್ತೆ ಅರ್ಜಿ ಹಾಕಿದಳು. ಮೊದಲ ವರ್ಷ ನಾವು ಅಂತಿಮ ವರ್ಷದವರ ಪಟ್ಟಿಗೆ ತಪ್ಪಾಗಿ ಸೇರಿಸಿದ್ದ ಇಬ್ಬರು ಎರಡನೇ ವರ್ಷದವರಲ್ಲಿ ಅವಳೂ ಒಬ್ಬಳು, ಹಾಗಾಗಿ ಇನ್ನೂ ಕಾಲೇಜಿನಲ್ಲೇ ಇದ್ದಳು. ಒಂದು ಕೆಲಸ ಎಂಬಲ್ಲಿ ಅವಳು ಬರೆದದ್ದು, ಸಿ.ಎ. ಮಾಡಲು ಎಲ್ಲಿಂದ ಶುರು ಮಾಡಬೇಕು ತಿಳಿಯಬೇಕು, ಎಂದು. ಇಡೀ ಒಂದು ವರ್ಷ ನಮಗೆ ಇದು ಗೊತ್ತೇ ಇರಲಿಲ್ಲ. ಬ್ಯಾಂಕ್ ಅಧಿಕಾರಿಗಳಿಗೂ ಗೊತ್ತಿರಲಿಲ್ಲ, ಅವರು ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ. ಈ ಸಲ ಅವಳಿಗೆ ಜೋಡಿಸಿದ್ದು ಹುಬ್ಬಳ್ಳಿಯ ಒಂದು ಆಡಿಟ್ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿದ್ದ, ಇದೇ ಕಾಲೇಜಿನ ಹುಡುಗಿಯನ್ನು. ವಯಸ್ಸಿನಲ್ಲಿ ಬರೀ ನಾಲ್ಕು ವರ್ಷ ದೊಡ್ಡವಳು, ಇನ್ನೂ ಸಿ.ಎ. ಆಗಿರಲಿಲ್ಲ. ಮೊದಲ ವರ್ಷದ ಪಟ್ಟಿಯಲ್ಲಿ ಅವಳಿಗೆ ಜಾಗವೇ ಇರುತ್ತಿರಲಿಲ್ಲ.

ಮೊದಲ ಕರೆಯಲ್ಲೇ ಒಂದು ಗಂಟು ಬಿಚ್ಚಿತು. ಸಿ.ಎ. ಮಾಡಬೇಕಾದರೆ ಮೊದಲು ಫೌಂಡೇಶನ್ ಪರೀಕ್ಷೆ ಬರೆಯಬೇಕು, ಪಿ.ಯು. ಮುಗಿದಾಗಲೇ ಬರೆಯಬೇಕಿತ್ತು, ಈಗ ಬರೆದರೆ ಒಂದು ವರ್ಷ ಹೋಗುತ್ತದೆ, ಅಷ್ಟು ದಿನ ಮನೆಯಲ್ಲಿ ಕಾಯುವುದಿಲ್ಲ ಎಂದು ಇವಳು ತಿಳಿದಿದ್ದಳು. ಬಿ.ಕಾಂ.ನಲ್ಲಿ ಶೇ 55 ಇದ್ದರೆ ಫೌಂಡೇಶನ್ ಇಲ್ಲದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು ಎಂದು ಆ ಅಕ್ಕ ಹೇಳಿದಳು, ಏಕೆಂದರೆ ತಾನೂ ಹಾಗೇ ಸೇರಿದ್ದಳು. ಹೊಸ ಪದ್ಧತಿಯಲ್ಲಿ ಇಂಟರ್‌ಮೀಡಿಯೆಟ್‌ಗೆ ಎರಡು ಗ್ರೂಪ್, ಒಂದೊಂದರಲ್ಲಿ ಮೂರು ಪತ್ರಿಕೆ. ಎರಡೂ ಮುಗಿದ ಮೇಲೆ 2 ವರ್ಷ ಆರ್ಟಿಕಲ್‌ಶಿಪ್, ಆಗ ತಿಂಗಳಿಗೆ ಸ್ವಲ್ಪ ಸ್ಟೈಪೆಂಡ್ ಬರುತ್ತದೆ. ಈ ಲೆಕ್ಕವನ್ನು ಹುಡುಗಿ ಒಂದು ಹಾಳೆಯಲ್ಲಿ ಬರೆದು ಅಪ್ಪನ ಮುಂದಿಟ್ಟಳು. ಎರಡನೇ ಕರೆಗೆ ಅವಳ ಬಳಿ ಅಪ್ಪ ಕೇಳಿದ ಆರು ಪ್ರಶ್ನೆಗಳಿದ್ದವು. ಮಾತಿನ ಸರಕು ಮುಗಿಯುವ ಮಾತೇ ಬರಲಿಲ್ಲ.

ಹುದ್ದೆ ದೊಡ್ಡದಾದಷ್ಟೂ ಮೆಂಟರ್ ಉತ್ತಮ ಎಂಬ ನಂಬಿಕೆಯನ್ನು ನಾನು ಬಿಟ್ಟದ್ದು ಆವತ್ತು. 30 ವರ್ಷದ ಹಿಂದೆ ದಾಟಿದ ಹೊಳೆಯಲ್ಲಿ ಕಲ್ಲುಗಳು ಎಲ್ಲಿದ್ದವೆಂದು ಯಾರಿಗೂ ನೆನಪಿರುವುದಿಲ್ಲ. ಇದ್ದರೂ ಈಗ ಆ ಕಲ್ಲುಗಳು ಅಲ್ಲಿಲ್ಲ. ಪದವಿಯ ಮಕ್ಕಳಿಗೆ ಮೂರರಿಂದ ಎಂಟು ವರ್ಷ ಮುಂದಿರುವವರು ಹೆಚ್ಚು ಒದಗುತ್ತಾರೆ. ಹಾಗೆಂದು ಹಿರಿಯರನ್ನು ಬಿಡಬೇಕಾಗಿಲ್ಲ. ಆ ಬ್ಯಾಂಕ್ ಅಧಿಕಾರಿಗಳನ್ನು ಮುಂದಿನ ವರ್ಷ, ಬ್ಯಾಂಕ್ ಪರೀಕ್ಷೆಯಲ್ಲಿ ಮೂರು ಸಲ ಮೇನ್ಸ್ ಪಾಸಾಗಿ ಸಂದರ್ಶನದಲ್ಲಿ ನಿಂತಿದ್ದ ಹುಡುಗನೊಬ್ಬನಿಗೆ ಜೋಡಿಸಿದೆವು. ಸಂದರ್ಶನದಲ್ಲಿ ಎದುರು ಕುಳಿತವರು ಏನು ನೋಡುತ್ತಾರೆ ಎಂದು ಹೇಳಬಲ್ಲವರು ಅವರೊಬ್ಬರೇ ಇದ್ದರು. ಆ ಜೋಡಿ ಚೆನ್ನಾಗಿ ನಡೆಯಿತು.

ಇನ್ನು ಮೊದಲ ಭೇಟಿ. ಅದು ಕಾಲೇಜಿನಲ್ಲೇ ಆಗಬೇಕು, ಸಂಯೋಜಕರು ಅದೇ ಆವರಣದಲ್ಲಿ ಇರಬೇಕು, ಮುಂದೆಯೂ ಯಾರ ಮನೆಯಲ್ಲೂ ಭೇಟಿ ಬೇಡ. ಈ ನಿಯಮದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ, ಎಷ್ಟೇ ಗೌರವಸ್ಥರಾಗಿರಲಿ. ಸಾಲ ಕೊಡಬಾರದು, ಕೆಲಸ ಕೊಡಿಸುತ್ತೇನೆ ಎನ್ನಬಾರದು ಎಂದೂ ಮೊದಲೇ ಇಬ್ಬರಿಗೂ ಹೇಳಿಬಿಡುತ್ತೇವೆ. ಹಣದ ಕಷ್ಟ, ಮನೆಯಲ್ಲಿ ಹಿಂಸೆ, ಬದುಕೇ ಬೇಡ ಎಂಬಂತಹ ಮಾತು ಬಂದರೆ ಮೆಂಟರ್ ಅದನ್ನು ಒಬ್ಬರೇ ಹೊತ್ತುಕೊಳ್ಳದೆ ಅಂದೇ ಸಂಯೋಜಕರಿಗೆ ತಿಳಿಸಬೇಕು.

ಮೊದಲ ಭೇಟಿಯ 45 ನಿಮಿಷದಲ್ಲಿ ಎರಡು ತೀರ್ಮಾನ ಆಗಲೇಬೇಕು. ಆರು ತಿಂಗಳ ಆ ಒಂದು ಕೆಲಸ ಯಾವುದು ಎಂಬುದನ್ನು ಇಬ್ಬರೂ ಸೇರಿ ಒಂದು ಸಾಲಿನಲ್ಲಿ ಬರೆಯುವುದು. ಮುಂದಿನ ಮಾತು ಯಾವ ದಿನ, ಎಷ್ಟು ಗಂಟೆಗೆ, ಯಾರು ಯಾರಿಗೆ ಫೋನ್ ಮಾಡಬೇಕು ಎಂದು ಏಳುವ ಮುಂಚೆ ಗೊತ್ತುಮಾಡುವುದು. ನಮ್ಮಲ್ಲಿ ಮೊದಲ ಮೂರು ಸಲ ಮೆಂಟರೇ ಫೋನ್ ಮಾಡಬೇಕು, ಆಮೇಲೆ ವಿದ್ಯಾರ್ಥಿ. ತ್ರಾಸ ಕೊಡಬಾರದು ಎಂಬ ಸಂಕೋಚ ಕರಗಲು ಮೂರು ಕರೆ ಬೇಕು. ಇನ್ನೊಮ್ಮೆ ಸಿಗೋಣ ಎಂದು ಹೇಳಿ ಎದ್ದ ಜೋಡಿಗಳು ನಮ್ಮ ಮೊದಲ ವರ್ಷದಲ್ಲಿ ಮತ್ತೆ ಸಿಗಲಿಲ್ಲ. ಮೊದಲ ಮೂರು ತಿಂಗಳು 15 ದಿನಕ್ಕೊಮ್ಮೆ ಅರ್ಧ ಗಂಟೆ, ಆಮೇಲೆ ತಿಂಗಳಿಗೊಮ್ಮೆ ಆದರೂ ಸಾಕು.

ಇಷ್ಟೆಲ್ಲ ಮಾಡಿದರೂ ಮೂರನೇ ತಿಂಗಳು ಬಂದೇ ಬರುತ್ತದೆ. ಆಗ ಇಂಟರ್ನಲ್ ಪರೀಕ್ಷೆ, ಹಬ್ಬ, ಮೆಂಟರ್ ಕಚೇರಿಯ ಗಡಿಬಿಡಿ ಎಲ್ಲ ಒಟ್ಟಿಗೆ ಬರುತ್ತವೆ. ಹೊಸತನವೂ ಹೋಗಿರುತ್ತದೆ. ಒಂದು ಕರೆ ತಪ್ಪುತ್ತದೆ. ತಪ್ಪಿದ ನಾಚಿಕೆಗೆ ಎರಡನೆಯದೂ ತಪ್ಪುತ್ತದೆ. ಇದನ್ನು ಹೊರಗಿನವರು ನೋಡಿ ಎತ್ತಿಕೊಡದಿದ್ದರೆ ಜೋಡಿ ತಾನಾಗಿ ಏಳುವುದಿಲ್ಲ. ಸಂಯೋಜಕರ ಕೆಲಸದ ತಿರುಳು ಇದೇ. ಎರಡನೇ ವಾರ, ಆರನೇ ವಾರ, ಮೂರನೇ ತಿಂಗಳು, ಆಮೇಲೆ ತಿಂಗಳಿಗೊಮ್ಮೆ ನಾವು ಇಬ್ಬರಿಗೂ ಬೇರೆಬೇರೆಯಾಗಿ ಫೋನ್ ಮಾಡುತ್ತೇವೆ. ಹೇಗೆ ನಡೆಯುತ್ತಿದೆ ಎಂದು ಕೇಳುವುದಿಲ್ಲ, ಹಾಗೆ ಕೇಳಿದರೆ ಎಲ್ಲರ ಉತ್ತರವೂ ಚೆನ್ನಾಗಿದೆ ಎಂದೇ ಇರುತ್ತದೆ. ಕಡೆಯ ಸಲ ಮಾತಾಡಿದ್ದು ಯಾವ ತಾರೀಕು, ಏನು ಗೊತ್ತುಮಾಡಿಕೊಂಡಿರಿ, ಮುಂದಿನದು ಯಾವತ್ತು ಎಂದು ಕೇಳುತ್ತೇವೆ. ಇಬ್ಬರೂ ಒಂದೇ ತಾರೀಕು ಹೇಳಿದರೆ ಜೋಡಿ ಆರೋಗ್ಯವಾಗಿದೆ. ತಾರೀಕು ನೆನಪಾಗದಿದ್ದರೆ, ಅಥವಾ ಒಬ್ಬರು ಹೋದ ವಾರ ಎಂದು ಇನ್ನೊಬ್ಬರು ದಸರೆಗೂ ಮುಂಚೆ ಎಂದರೆ, ಕೆಲಸ ಇದೆ ಎಂದರ್ಥ.

ಹುಬ್ಬಳ್ಳಿಯ ಆ ಜೋಡಿಯೂ ನವೆಂಬರಿನಲ್ಲಿ ನಿಂತಿತ್ತು. 23 ದಿನ ಮಾತಿಲ್ಲ. ಅಕ್ಕನಿಗೆ ಸ್ವಂತ ಪರೀಕ್ಷೆಯಿತ್ತು, ತಂಗಿಗೆ ಅದು ಗೊತ್ತಿರಲಿಲ್ಲ. ನಮ್ಮ ನೋಟ್‌ಬುಕ್ಕಿನಲ್ಲಿ 21 ದಿನ ದಾಟಿದ ಜೋಡಿಗೆ ಕೆಂಪು ಗುರುತು ಹಾಕುವ ಪದ್ಧತಿ. ಗುರುತು ಬಿತ್ತು, ನಾನು ಎರಡೂ ಕಡೆ ಫೋನ್ ಮಾಡಿದೆ, ಅಕ್ಕನ ಪರೀಕ್ಷೆ ಮುಗಿಯುವ ದಿನವನ್ನು ತಂಗಿಗೆ ಹೇಳಿದೆ. ಮೂರು ನಿಮಿಷದ ಕೆಲಸ. ಆ ಮೂರು ನಿಮಿಷದ ಕೆಲಸ ಮಾಡುವವರಿಲ್ಲದೆ ಮೊದಲ ವರ್ಷ 29 ಜೋಡಿಗಳು ಹೋಗಿದ್ದವು.

ಕೆಂಪು ಗುರುತು ಬಿದ್ದು ನಾವು ಮಾತಾಡಿಸಿದ ಮೇಲೂ ಎರಡು ವಾರ ಮೌನ ಮುಂದುವರಿದರೆ ಜೋಡಿ ಬದಲಿಸುತ್ತೇವೆ. ಯಾರ ತಪ್ಪು ಎಂದು ವಿಚಾರಣೆ ಇಲ್ಲ. ವಿದ್ಯಾರ್ಥಿಗೆ ಹೇಳುವಾಗ ಮಾತ್ರ ಎಚ್ಚರ ಬೇಕು. ಅವರಿಗೆ ಕೆಲಸ ಹೆಚ್ಚಾಗಿದೆ, ನಿನಗೆ ಬೇಕಾದಷ್ಟು ಹೊತ್ತು ಕೊಡಲು ಆಗುತ್ತಿಲ್ಲವಂತೆ, ಅವರೇ ನಮಗೆ ತಿಳಿಸಿದರು ಎಂದು ನಿಜವನ್ನು ಪೂರ್ತಿಯಾಗಿ ಹೇಳಬೇಕು, ಸಾಧ್ಯವಾದರೆ ಮೆಂಟರ್ ಬಾಯಿಂದಲೇ ಹೇಳಿಸಬೇಕು. ಹೇಳದೆ ಬಿಟ್ಟರೆ ಹುಡುಗರು ತಮ್ಮಲ್ಲೇ ಕಾರಣ ಹುಡುಕುತ್ತಾರೆ. ಎರಡನೇ ವರ್ಷ ಹೀಗೆ ಮೂರು ಜೋಡಿ ಬದಲಿಸಿದೆವು. ಮೊದಲೇ ಗುರುತಿಸಿಟ್ಟಿದ್ದ ಎರಡನೇ ಹೆಸರು ಆಗ ಕೆಲಸಕ್ಕೆ ಬಂತು.

ಮೆಂಟರ್‌ಗಳು ಏಕೆ ಬಿಟ್ಟುಹೋಗುತ್ತಾರೆ ಎಂದೂ ಕೆಲವರು ಕೇಳಿದ್ದಾರೆ. ಸಮಯವಿಲ್ಲ ಎಂಬುದು ಅವರು ಹೇಳುವ ಕಾರಣ. ನಾನು ಕಂಡಂತೆ ನಿಜವಾದ ಕಾರಣ, ತಾನು ಹೇಳಿದ್ದರಿಂದ ಏನಾದರೂ ಆಯಿತೇ ಎಂದು ಅವರಿಗೆ ತಿಳಿಯದೇ ಇರುವುದು. ನಮ್ಮ ಮಕ್ಕಳು ಎದುರಿಗೆ ಹೊಗಳುವುದಿಲ್ಲ, ಧನ್ಯವಾದ ಹೇಳುವುದು ರೂಢಿಯಲ್ಲಿಲ್ಲ. ಆದ್ದರಿಂದ ಎರಡು ತಿಂಗಳಿಗೊಮ್ಮೆ ಮೆಂಟರ್‌ಗಳನ್ನಷ್ಟೇ ಸೇರಿಸುತ್ತೇವೆ, ದೂರದವರು ವಿಡಿಯೊ ಕರೆಯಲ್ಲಿ ಬರುತ್ತಾರೆ. ಭಾಷಣ ಇಲ್ಲ. ಒಬ್ಬೊಬ್ಬರೂ ತಾವು ಸಿಕ್ಕಿಕೊಂಡ ಒಂದು ಜಾಗ ಹೇಳುತ್ತಾರೆ. ನನ್ನ ಹುಡುಗ ಬಾಯೇ ಬಿಡುವುದಿಲ್ಲ ಎಂದು ಒಬ್ಬರು ಹೇಳಿದರೆ, ನನ್ನವನೂ ಹಾಗೇ ಇದ್ದ, ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಕಳಿಸು ಎಂದ ಮೇಲೆ ಶುರುವಾದ ಎಂದು ಇನ್ನೊಬ್ಬರು ಹೇಳುತ್ತಾರೆ. ಇಂತಹ ಸಭೆಗೆ ಎರಡು ಸಲ ಬಂದ ಮೆಂಟರ್ ವರ್ಷದ ನಡುವೆ ಬಿಟ್ಟದ್ದು ನನ್ನ ನೆನಪಿನಲ್ಲಿಲ್ಲ.

ಮುಗಿಸುವ ದಿನವನ್ನು ಶುರುವಿನಲ್ಲೇ ಹೇಳಿಬಿಡಬೇಕು ಎಂಬುದು ನನಗೆ ತಡವಾಗಿ ತಿಳಿದ ವಿಷಯ. ಉದ್ಯೋಗದಲ್ಲಿ ಹಿರಿಯ ಕಿರಿಯರ ಇಂತಹ ಸಂಬಂಧಗಳನ್ನು ಹತ್ತಿರದಿಂದ ನೋಡಿದ ಕ್ಯಾಥಿ ಕ್ರ್ಯಾಮ್ ಎಂಬ ವಿದ್ವಾಂಸೆ 1980ರ ದಶಕದಲ್ಲಿ ಅವುಗಳಿಗೆ ನಾಲ್ಕು ಘಟ್ಟಗಳನ್ನು ಗುರುತಿಸಿದರು. ಆರಂಭ, ಬೆಳವಣಿಗೆ, ಅಗಲಿಕೆ, ಆಮೇಲೆ ಹೊಸ ರೂಪದಲ್ಲಿ ಮುಂದುವರಿಯುವ ಸ್ನೇಹ. ಅಗಲಿಕೆ ಸಹಜವಾದ ಒಂದು ಘಟ್ಟ ಎಂದಮೇಲೆ ಅದಕ್ಕೊಂದು ದಿನವೂ ಬೇಕು. ಕಾರ್ಯಕ್ರಮ ಎಂದೆಂದಿಗೂ ಎಂದರೆ ಒಳ್ಳೆಯ ಮೆಂಟರ್‌ಗಳು ಹೆದರುತ್ತಾರೆ, ನಿಂತಾಗ ವಿದ್ಯಾರ್ಥಿಗೆ ಕೈಬಿಟ್ಟಂತಾಗುತ್ತದೆ. ನಮ್ಮದು ಆಗಸ್ಟ್‌ನಿಂದ ಏಪ್ರಿಲ್‌ವರೆಗೆ, ಒಂಬತ್ತು ತಿಂಗಳು. ಕೊನೆಯ ಶನಿವಾರ ಎಲ್ಲರೂ ಕಾಲೇಜಿಗೆ ಬರುತ್ತಾರೆ, ಬರಲು ಬಸ್ ಖರ್ಚು ಬೇಕಾದವರಿಗೆ ಸಂಘ ಕೊಡುತ್ತದೆ. ಮೊದಲ ದಿನ ಬರೆದ ಆ ಒಂದು ಸಾಲನ್ನು ಹೊರಗೆ ತೆಗೆದು ಏನಾಯಿತು, ಏನಾಗಲಿಲ್ಲ ಎಂದು ಇಬ್ಬರೂ ಕುಳಿತು ನೋಡುತ್ತಾರೆ. ಮುಂದುವರಿಸುವುದು ಅವರಿಬ್ಬರ ಇಷ್ಟ, ಅದಕ್ಕೆ ನಮ್ಮ ನೋಟ್‌ಬುಕ್ಕಿನ ಹಂಗಿಲ್ಲ. ಆ 14ರಲ್ಲಿ 12 ಜೋಡಿಗಳು ಏಪ್ರಿಲ್‌ವರೆಗೆ ಬಂದವು. ಒಬ್ಬ ಹುಡುಗ ಓದು ಬಿಟ್ಟು ಕೆಲಸಕ್ಕೆ ಗೋವಾಕ್ಕೆ ಹೋದ. ಇನ್ನೊಂದು ಜೋಡಿ ಏಕೆ ನಿಂತಿತು ಎಂದು ನನಗೆ ಕೊನೆಗೂ ತಿಳಿಯಲಿಲ್ಲ.

ಕಾರ್ಯಕ್ರಮ ವರ್ಷದಿಂದ ವರ್ಷಕ್ಕೆ ದಾಟುವುದು ಬೇರೆಯದೇ ಪ್ರಶ್ನೆ. ನಮ್ಮ ಕಡೆ ಇಂತಹ ಕೆಲಸಗಳು ಒಬ್ಬ ಉತ್ಸಾಹಿ ಅಧ್ಯಾಪಕರ ಹೆಗಲ ಮೇಲೆ ನಡೆಯುತ್ತವೆ. ಅವರಿಗೆ ವರ್ಗವಾಯಿತೆಂದರೆ ನಂಬರ್‌ಗಳೂ ಅವರ ಫೋನಿನ ಜೊತೆಗೇ ಹೋಗುತ್ತವೆ. ಅದಕ್ಕೇ ಸಂಯೋಜಕರು ಇಬ್ಬರಿರಬೇಕು, ಒಬ್ಬರು ಕಾಲೇಜಿನವರು, ಒಬ್ಬರು ಊರಿನಲ್ಲೇ ಇರುವ ಹಳೆಯ ವಿದ್ಯಾರ್ಥಿ. ನೋಟ್‌ಬುಕ್ಕು ಸಂಘದ ಬೀರುವಿನಲ್ಲಿರಬೇಕು. ಅದರಲ್ಲಿ ತಾರೀಕುಗಳಷ್ಟೇ ಇರಲಿ, ಮಕ್ಕಳು ಮನಬಿಚ್ಚಿ ಹೇಳಿಕೊಂಡದ್ದು ಬೇಡ. ಈಗ ನಮ್ಮ ನೋಟ್‌ಬುಕ್ಕನ್ನು ನೋಡಿಕೊಳ್ಳುತ್ತಿರುವವನು ಎರಡನೇ ವರ್ಷದ ಆ 14ರಲ್ಲಿ ಒಬ್ಬ ವಿದ್ಯಾರ್ಥಿ. ಊರಲ್ಲೇ ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತಾನೆ.

ಬ್ಯಾಡಗಿಯ ಹುಡುಗಿಯ ಮೊದಲ ಗ್ರೂಪ್ ಮೊದಲ ಸಲ ಆಗಲಿಲ್ಲ, ಎರಡನೇ ಸಲ ಆಯಿತು. ಹೋದ ವರ್ಷ ಅವಳ ಹೆಸರು ಮೆಂಟರ್‌ಗಳ ಚೀಟಿಯಲ್ಲಿತ್ತು. ಯಾವ ಹಂತದ ಬಗ್ಗೆ ಹೇಳಬಲ್ಲಿರಿ ಎಂಬಲ್ಲಿ, ಒಂದು ಸಲ ಫೇಲ್ ಆದ ಮೇಲೆ ಮನೆಯವರನ್ನು ಒಪ್ಪಿಸುವುದು, ಎಂದು ಬರೆದಿದ್ದಳು.

ಬರುವ ಜೂನಿನಲ್ಲಿ ಶುರು ಮಾಡಬೇಕೆಂದು ಬರೆದಿರುವ ಓದುಗರಲ್ಲಿ ನನ್ನದೊಂದು ಕೇಳಿಕೆ. ಮೆಂಟರ್‌ಗಳ ಪಟ್ಟಿ ಆಮೇಲೆ ಮಾಡಿ. ವಾರಕ್ಕೆ ನಾಲ್ಕು ಗಂಟೆ, ಒಂಬತ್ತು ತಿಂಗಳು ಫೋನ್ ಮಾಡುವ ಇಬ್ಬರು ಯಾರು ಎಂದು ಮೊದಲು ಹೆಸರು ಹಿಡಿದು ಬರೆಯಿರಿ. ಆ ಎರಡು ಹೆಸರು ಸಿಗದಿದ್ದರೆ ಈ ವರ್ಷ ಉದ್ಘಾಟನೆ ಬೇಡ.